ಮೆಕ್ಸಿಕನ್ ಅಂಗಡಿಯಲ್ಲಿ ಸಾರಿನ ಸಾಮಾನು

ಅಮೆರಿಕದ ಸಣ್ಣ ಊರುಗಳಲ್ಲಿ ಇಂಡಿಯನ್ ಅಂಗಡಿ ಇಲ್ಲದಿದ್ದರೂ ಮೆಕ್ಸಿಕನ್ ಅಂಗಡಿ ಇರುವುದು ಹೆಚ್ಚು. ಬೇಳೆ, ಇಂಗು, ಸಾರಿನಪುಡಿ ಒಮ್ಮೆ ತಂದಿಟ್ಟುಕೊಂಡರೆ ಮಿಕ್ಕಿದ್ದಕ್ಕೆ ನಾನು ಹೋಗುವುದು ಅಲ್ಲಿಗೇ. ನಮ್ಮ ಸೀಮೆಬದನೆಕಾಯಿ ಮೂಲತಃ ಆ ಕಡೆಯದೇ. ಅಲ್ಲಿ ಅದನ್ನು ಚಯೋಟೆ ಎನ್ನುತ್ತಾರೆ.

ಹುಣಸೆ 'ಟಮರಿಂಡೊ' ಎಂಬ ಹೆಸರಲ್ಲಿ ಸಿಪ್ಪೆ ಸಮೇತ ಸಿಗುತ್ತದೆ. ಪಕ್ಕದಲ್ಲೇ ಡಬ್ಬದಲ್ಲಿ 'ಸ್ವೀಟ್ ಟ್ಯಾಮರಿಂಡ್' ಇದ್ದರೆ ಅದು ಬರಿದೇ ತಿನ್ನುವ ಥಾಯ್ ಸಿಹಿಹುಣಸೆ, ಸಾರಿಗಾಗದು. ನಾಲ್ಕು ಜನರ ಸಾರಿಗೆ, ಅಂದರೆ ಅರ್ಧ ಕಪ್ ತೊಗರಿಬೇಳೆಗೆ, ಸಿಪ್ಪೆ ಮತ್ತು ನಾರು ತೆಗೆದು ಬೀಜ ಸಮೇತ ಸುಮಾರು 40 ಗ್ರಾಂ ತೂಗಿ ಒಂದು ಕಪ್ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸುತ್ತೇನೆ. ಚೆನ್ನಾಗಿ ಕಿವುಚಿ, ಸೋಸಿ, ಮೊದಲು ಮುಕ್ಕಾಲು ಭಾಗ ಮಾತ್ರ ಹಾಕುತ್ತೇನೆ. ಕಾಯಿಂದ ಕಾಯಿಗೆ ಹುಳಿ ಬೇರೆ, ಹೆಚ್ಚಾದದ್ದನ್ನು ತೆಗೆಯಲಾಗದು. ಬಾಟಲಿಯ ಕಪ್ಪು ಹುಣಸೆ ಪೇಸ್ಟ್ ಆದರೆ ಒಂದು ಟೀ ಚಮಚದಿಂದ ಶುರು ಮಾಡಿ. ಕುದಿಸಿ ಕುದಿಸಿ ಗಟ್ಟಿ ಮಾಡಿದ್ದಾದ್ದರಿಂದ ಹುಳಿಯೇನೋ ಇರುತ್ತದೆ, ಹಣ್ಣಿನ ಘಮ ಹೋಗಿರುತ್ತದೆ, ಸಾರೂ ಕಪ್ಪಾಗುತ್ತದೆ. ಗೊಜ್ಜಿಗೆ ನಡೆಯುತ್ತದೆ, ತಿಳಿಸಾರಿಗೆ ನಾನಂತೂ ಹಾಕುವುದಿಲ್ಲ.

ಬೆಲ್ಲದ ಬದಲಿ ಹುಡುಕಬೇಕಿಲ್ಲ, ಬೆಲ್ಲವೇ ಸಿಗುತ್ತದೆ. ಶಂಕುವಿನಾಕಾರದ ಅಚ್ಚಲ್ಲಿ ಬರುವ 'ಪಿಲೋನ್ಸಿಯೊ' ಕಬ್ಬಿನ ಹಾಲನ್ನೇ ಕಾಯಿಸಿ ಅಚ್ಚು ಹಾಕಿದ್ದು. ಕಲ್ಲಿನಷ್ಟು ಗಟ್ಟಿ, ಅದಕ್ಕೆ ತುರಿಯಬೇಕು. ಹೋಳಿಗೆಯ ಹೂರಣಕ್ಕೆ ತಿಳಿ ಬಣ್ಣದ್ದನ್ನು ಆರಿಸಿ. ಕಪ್ಪು ಬಣ್ಣದ್ದಕ್ಕೆ ಕಾಕಂಬಿಯ ವಾಸನೆ ಹೆಚ್ಚು. ಪಾಯಸಕ್ಕಾದರೆ ಬೆಲ್ಲದ ಹಾಗೇ ಇದನ್ನೂ ಬೇರೆ ಕರಗಿಸಿ, ಸೋಸಿ, ಒಲೆ ಆರಿಸಿ ಸ್ವಲ್ಪ ತಣಿದ ಮೇಲೆ ಹಾಲಿಗೆ ಸೇರಿಸಬೇಕು, ಇಲ್ಲವಾದರೆ ಹಾಲು ಒಡೆಯಬಹುದು. ಬ್ರೌನ್ ಶುಗರ್ ಎಂಬುದು ಬಹುಪಾಲು ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು. ಸಾರಿಗೆ ಒಂದು ಚಿಟಿಕೆ ಹಾಕಿದರೆ ಯಾರಿಗೂ ಗೊತ್ತಾಗದು, ಹೂರಣಕ್ಕೆ ಹಾಕಿದರೆ ಬೆಲ್ಲದ ಸ್ವಾದ ಬರದೆ ಸಕ್ಕರೆಯ ಸಿಹಿ ಮಾತ್ರ ನಿಲ್ಲುತ್ತದೆ.

ಬ್ಯಾಡಗಿಯ ಜಾಗಕ್ಕೆ ಒಣಗಿದ ಗ್ವಾಹಿಯೊ ಮೆಣಸಿನಕಾಯಿ. ಕೆಂಪು ಬಣ್ಣ ಚೆನ್ನಾಗಿ ಬಿಡುತ್ತದೆ, ಸಿಪ್ಪೆ ಮಾತ್ರ ದಪ್ಪ, ಹಾಗಾಗಿ ಬಿಸಿನೀರಲ್ಲಿ ನೆನೆಸಿಯೇ ರುಬ್ಬಬೇಕು.

ಈ ಅಂಗಡಿಯಲ್ಲಿ ಸಿಗದ್ದು ಕರಿಬೇವು. ಗಿಡ ತರಿಸೋಣವೆಂದರೆ ಕ್ಯಾಲಿಫೋರ್ನಿಯಾ, ಫ್ಲೋರಿಡಾದಂಥ ಕಡೆಯಿಂದ ಹೊರರಾಜ್ಯಕ್ಕೆ ಸಾಗಿಸಲು ನಿರ್ಬಂಧವಿದೆ, ಏಕೆಂದರೆ ಕಿತ್ತಳೆ-ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ನರ್ಸರಿಯಲ್ಲಿ 'ಕರಿ ಪ್ಲಾಂಟ್' ಎಂದು ಮಾರುವ ಬೂದು ಬಣ್ಣದ, ಸೂಜಿಯೆಲೆಯ ಗಿಡ ಬೇರೆಯೇ ಜಾತಿ, ಮೋಸಹೋಗಬೇಡಿ. ದೂರದ ಇಂಡಿಯನ್ ಅಂಗಡಿಗೆ ಹೋದಾಗ ಹೆಚ್ಚಿಗೆ ತಂದು, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ, ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಡಿ. ತೇವ ಉಳಿದರೆ ಎಲೆಗಳು ಅಂಟಿಕೊಂಡು ಮುದ್ದೆಯಾಗುತ್ತವೆ. ಒಗ್ಗರಣೆಗೆ ಕರಗಿಸದೆ ನೇರ ಎಣ್ಣೆಗೆ ಹಾಕಿ, ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಪ್ಯಾಕೆಟ್ಟಿನ ಒಣ ಕರಿಬೇವು ಕೊಳ್ಳುವ ಮುನ್ನ ಒಂದೆಲೆ ಉಜ್ಜಿ ಮೂಸಿ. ಒಣಹುಲ್ಲಿನ ವಾಸನೆ ಬಂದರೆ ಬಿಟ್ಟುಬಿಡಿ. ಅಂಥದ್ದನ್ನೋ ಬೇ ಲೀಫನ್ನೋ ಹಾಕುವುದಕ್ಕಿಂತ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿದ ಸಾರೇ ರುಚಿ.