ಮದುವೆ ಮನೆಯ ನಿದ್ದೆ ಬಾಕಿ, ಸೋಮವಾರದ ಪೇಪರು

ಅಕ್ಕನ ಮದುವೆ ಮುಗಿಸಿಕೊಂಡು ಆಳಂದ ಕಡೆಯ ನಮ್ಮೂರಿಂದ ಕಲಬುರಗಿಯ ರೂಮಿಗೆ ಬಂದಾಗ ಶುಕ್ರವಾರ ಮಧ್ಯಾಹ್ನ 2 ಗಂಟೆ. ಮೇ ತಿಂಗಳು. ಸೋಮವಾರ ಬೆಳಿಗ್ಗೆ 10ಕ್ಕೆ ಎಂ.ಕಾಂ. ಎರಡನೇ ಸೆಮಿಸ್ಟರಿನ ಕಾಸ್ಟಿಂಗ್ ಪೇಪರು ಇತ್ತು. ಹಿಂದಿನ ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಅರಿಷಿಣದ ದಿನ 4 ತಾಸು, ಮದುವೆಯ ಹಿಂದಿನ ರಾತ್ರಿ 3 ತಾಸು, ಅಕ್ಕನನ್ನು ಕಳಿಸಿಕೊಟ್ಟ ಮೇಲೆ ಪಾತ್ರೆ, ಪೆಂಡಾಲ್, ಲೆಕ್ಕ ಎಲ್ಲ ಮುಗಿಸಿ ಮತ್ತೆ 4 ತಾಸು. ನನಗೆ ದಿನಾ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ 7 ತಾಸು ನಿದ್ದೆ ಬೇಕು. ಅಂದರೆ ಒಟ್ಟು 10 ತಾಸು ಬಾಕಿ.

ಈ ಬಾಕಿಯನ್ನು ಹೇಗೆ ತೀರಿಸಬಾರದು ಅನ್ನೋದು ಮೊದಲ ಸೆಮಿಸ್ಟರಿನಲ್ಲೇ ಗೊತ್ತಾಗಿತ್ತು. ಆಗ ಎರಡು ರಾತ್ರಿ ಓದಿ ಓದಿ ಸುಸ್ತಾಗಿ, ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ 12ರವರೆಗೆ ಮಲಗಿಬಿಟ್ಟಿದ್ದೆ. ಎದ್ದಾಗ ಹಾಯೆನಿಸಿತು. ಆದರೆ ಆ ರಾತ್ರಿ 11ಕ್ಕೆ ಮಲಗಿದರೆ ಕಣ್ಣು ಮುಚ್ಚಲೇ ಇಲ್ಲ. ನಿದ್ದೆ ಹತ್ತಿದಾಗ 3 ಗಂಟೆ ದಾಟಿತ್ತು. ಬೆಳಿಗ್ಗೆ ಪರೀಕ್ಷೆ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆಯ 64,000ವನ್ನು 46,000 ಎಂದು ಬರೆದುಕೊಂಡು ಇಡೀ ಲೆಕ್ಕ ಮಾಡಿದೆ. ಹದಿನಾರು ಅಂಕದ ಪ್ರಶ್ನೆ ಅದು. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ತಪ್ಪು ಎಲ್ಲಾಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ನಾವು ಎಚ್ಚರ ಇದ್ದಷ್ಟು ಹೊತ್ತೂ ಮೈಯಲ್ಲಿ ನಿದ್ದೆಯ ಒತ್ತಡ ಕೂಡುತ್ತಾ ಹೋಗುತ್ತದೆ. ಬೆಳಿಗ್ಗೆ 6ಕ್ಕೆ ಎದ್ದವನು ರಾತ್ರಿ 11ಕ್ಕೆ ಮಲಗಿದರೆ 17 ತಾಸಿನ ಒತ್ತಡ ಕೂಡಿರುತ್ತದೆ, ಅದಕ್ಕೇ ಬೇಗ ನಿದ್ದೆ ಬರುತ್ತದೆ. ನಾನು ಎದ್ದದ್ದು ಮಧ್ಯಾಹ್ನ 12ಕ್ಕೆ. ರಾತ್ರಿ 11ಕ್ಕೆ ಕೂಡಿದ್ದು ಬರೀ 11 ತಾಸು. ಅದರ ಜೊತೆಗೆ ಮಿದುಳಿನೊಳಗೆ ಒಂದು ಗಡಿಯಾರ ಇದೆ. ಅದು ಮುಖ್ಯವಾಗಿ ಬೆಳಗಿನ ಬೆಳಕು ನೋಡಿ ತನ್ನ ಹೊತ್ತು ಸರಿಮಾಡಿಕೊಳ್ಳುತ್ತದೆ. ಆ ಬೆಳಕನ್ನೂ ತಪ್ಪಿಸಿದ್ದೆ. ಬಾಕಿ ಏನೋ ತೀರಿಸಿದೆ, ಆದರೆ ಮರುದಿನದ ಪಾಲನ್ನು ಕಿತ್ತುಕೊಂಡು ತೀರಿಸಿದ್ದೆ.

ಅದಕ್ಕೇ ಈ ಸಲ ಒಂದೇ ಒಂದು ಮಾತು ಗಟ್ಟಿ ಮಾಡಿಕೊಂಡೆ. ಏಳುವ ಹೊತ್ತು 6 ಗಂಟೆ, ಅದನ್ನು ಅಲುಗಾಡಿಸುವುದಿಲ್ಲ. ಹೆಚ್ಚಿಗೆ ನಿದ್ದೆ ಬೇಕಿದ್ದರೆ ರಾತ್ರಿ ಬೇಗ ಮಲಗಿ ತೆಗೆದುಕೊಳ್ಳಬೇಕು. ಇಲ್ಲವಾದರೆ ಮಧ್ಯಾಹ್ನ.

ಶುಕ್ರವಾರ ರೂಮಿಗೆ ಬಂದ ಕೂಡಲೇ ಹಾಸಿಗೆ ಕರೆಯುತ್ತಿತ್ತು. ಅವ್ವ ಫೋನ್ ಮಾಡಿ, "ಮಗಾ, ಬಾಗಿಲಾ ಹಾಕ್ಕೊಂಡು ಸಂಜಿ ತನಕ ಸುಮ್ನ ಮಲ್ಕೊ" ಅಂದಳು. ಮೂರು ದಿನ ನನ್ನ ಓಡಾಟ ನೋಡಿದ್ದಳಲ್ಲ, ಕರುಳು ಹಾಗೆ ಹೇಳಿಸಿತು. ಆದರೆ ಸಂಜೆಯವರೆಗೆ ಮಲಗಿದ್ದರೆ ರಾತ್ರಿ ಮತ್ತೆ ಅದೇ ಗತಿ. ಮುಖ ತೊಳೆದು, ಊಟ ಮಾಡಿ, 3 ಗಂಟೆಗೆ 25 ನಿಮಿಷದ ಅಲಾರಾಂ ಇಟ್ಟು ಮಲಗಿದೆ. ಫೋನನ್ನು ಕೈಗೆ ಸಿಗದ ಹಾಗೆ ಬಾಗಿಲ ಹತ್ತಿರದ ಗೂಡಿನಲ್ಲಿ ಇಟ್ಟಿದ್ದೆ. ಎದ್ದು ನಡೆದು ಹೋಗಿಯೇ ಆರಿಸಬೇಕು. ಎದ್ದಾಗ ತಲೆ ಭಾರ ಇತ್ತು, ಆದರೆ ಕಾಲು ತಾಸಿನಲ್ಲಿ ಹೋಯಿತು. ಅರ್ಧ ತಾಸು ದಾಟಿಸಿ ಮಲಗಿದರೆ ಆಳದ ನಿದ್ದೆಗೆ ಇಳಿದುಬಿಡುತ್ತೇವೆ. ಅಲ್ಲಿಂದ ಎಬ್ಬಿಸಿದರೆ ಬಹಳ ಹೊತ್ತು ಮಂಪರು ಬಿಡುವುದಿಲ್ಲ. ಅದಕ್ಕೇ ಒಂದೋ 20-25 ನಿಮಿಷ, ಇಲ್ಲಾ ಒಂದು ಸುತ್ತು ಪೂರ್ತಿ ಆಗುವಂತೆ ಸುಮಾರು ಒಂದೂವರೆ ತಾಸು. ನಡುವೆ ಬೇಡ.

ಆ ಸಂಜೆ 5ರಿಂದ 8ರ ಹೊತ್ತು ನಿಜಕ್ಕೂ ಕಷ್ಟದ್ದು. ಕೂತರೆ ತೂಕಡಿಕೆ. ಹಾಗಾಗಿ ಕೂರಲೇ ಇಲ್ಲ. ಇಲ್ಲಿನ ಅಪ್ಪನ ಕೆರೆ ಅನ್ನುವ ಕೆರೆಯ ದಂಡೆಗೆ ನಡೆದುಕೊಂಡು ಹೋಗಿ ಬಂದೆ. ಬಟ್ಟೆ ಒಗೆದೆ. ನಿಂತುಕೊಂಡೇ ಸೂತ್ರಗಳನ್ನು ಒಂದು ಹಾಳೆಗೆ ಬರೆದೆ. ಹೊಸದೇನನ್ನೂ ಓದಲಿಲ್ಲ.

ಚಹಾದ ವಿಷಯ ಇಲ್ಲೇ ಹೇಳಬೇಕು. ನಮ್ಮ ಕಡೆ ಚಹಾ ಇಲ್ಲದೆ ಓದು ಸಾಗುವುದಿಲ್ಲ. ಪಕ್ಕದ ರೂಮಿನ ಅಣ್ಣ ಸಂಜೆ ಬಂದು, "ಬಾರೋ ತಮ್ಮಾ, ಒಂದ್ ಕಪ್ ಚಾ ಕುಡದ್ರ ನಿದ್ದಿ ಹಾರಿ ಹೋಗ್ತದ" ಅಂದ. ಹಾರಿಹೋಗುತ್ತದೆ, ಅದೇ ತೊಂದರೆ. ಚಹಾದೊಳಗಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಸಂಜೆ 6ಕ್ಕೆ ಕುಡಿದರೆ ರಾತ್ರಿ 11ಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಮೂರು ದಿನವೂ ಕೊನೆಯ ಚಹಾ ಮಧ್ಯಾಹ್ನ 12ಕ್ಕೆ ಮುಗಿಸಿದೆ. ಪೂರ್ತಿ ಬಿಡಲಿಲ್ಲ. ದಿನಾ ನಾಲ್ಕು ಕಪ್ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಪರೀಕ್ಷೆ ಮುಂದಿಟ್ಟುಕೊಂಡು ಅದು ಬೇಡ. ಬೆಳಿಗ್ಗೆ ಎರಡು, 12ಕ್ಕೆ ಅರ್ಧ ಕಪ್ಪು, ಸಾಕು.

ಇನ್ನು ರಾತ್ರಿ ಬೇಗ ಮಲಗುವುದು. ಎಷ್ಟು ಬೇಗ? ನಾನು 9:30 ಅಂದುಕೊಂಡೆ. 8ಕ್ಕೇ ಮಲಗಿದರೆ ಇನ್ನೂ ಜಾಸ್ತಿ ಸಿಗುತ್ತದಲ್ಲ ಅನಿಸುತ್ತದೆ, ಆದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ದಿನಾ ಮಲಗುವ ಹೊತ್ತಿಗೆ ಎರಡು ಮೂರು ತಾಸು ಮುಂಚೆ ಮಿದುಳಿನ ಗಡಿಯಾರ ನಮ್ಮನ್ನು ಜೋರಾಗಿ ಎಚ್ಚರ ಇಡುತ್ತದೆ. ಆಗ ಹಾಸಿಗೆಯಲ್ಲಿ ಹೊರಳಾಡುವುದೇ ಆಗುತ್ತದೆ. ಒಂದರಿಂದ ಒಂದೂವರೆ ತಾಸು ಮುಂಚೆ ಮಲಗಬಹುದು, ಅಷ್ಟೇ.

ಕಲಬುರಗಿಯ ಮೇ ತಿಂಗಳಲ್ಲಿ 9:30ಕ್ಕೆ ಮಲಗುವುದಕ್ಕೆ ಬೇರೊಂದು ಅಡ್ಡಿ ಇದೆ. ಬಿಸಿಲು. ನನ್ನ ರೂಮು ಮೇಲಿನ ಮಾಳಿಗೆಯದು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ 12 ದಾಟಿದರೂ ಬಿಸಿ ಉಗುಳುತ್ತಿರುತ್ತದೆ. ಫ್ಯಾನು ಅದೇ ಬಿಸಿ ಗಾಳಿಯನ್ನು ಕೆಳಗೆ ತಳ್ಳುತ್ತದೆ. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ಇಂಥ ರೂಮಿನಲ್ಲಿ ಅದು ಇಳಿಯುವುದೇ ತಡರಾತ್ರಿ. ಹಿಂದೆ ನನಗೆ ಬೇಗ ನಿದ್ದೆ ಬಾರದಿದ್ದದ್ದಕ್ಕೆ ಓದಿನ ಚಿಂತೆಗಿಂತ ಈ ಸ್ಲ್ಯಾಬೇ ಜಾಸ್ತಿ ಕಾರಣ ಅಂತ ಈಗ ಅನಿಸುತ್ತದೆ.

ಹಾಗಾಗಿ ಮಾಳಿಗೆಯ ಮೇಲೆ ಮಲಗಿದೆ. ಸಂಜೆ 7ಕ್ಕೆ ಐದಾರು ಬಕೆಟ್ ನೀರು ಹೊಡೆದೆ. ಮೊದಲ ಎರಡು ಬಕೆಟ್ಟಿಗೆ ಬರೀ ಹಬೆ ಏಳುತ್ತದೆ, ಆಮೇಲೆ ನೆಲ ತಣ್ಣಗಾಗುತ್ತದೆ. ಬಿಸಿಯ ಜೊತೆ ಎದ್ದ ಆ ಹಸಿ ಆರಿಹೋಗಲು ಎರಡು ತಾಸು ಬೇಕು, ಅದಕ್ಕೇ 9ಕ್ಕೆ ನೀರು ಹಾಕಿದರೆ ಆಗುವುದಿಲ್ಲ. 8:30ಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ. ಬೆಚ್ಚನೆ ನೀರಿಗೆ ಚರ್ಮಕ್ಕೆ ರಕ್ತ ಹರಿದು ಬರುತ್ತದೆ, ಹೊರಗೆ ಬಂದ ಮೇಲೆ ಒಳಗಿನ ಕಾವು ಬೇಗ ಬಿಟ್ಟುಹೋಗುತ್ತದೆ. ಊಟ ಸ್ನಾನಕ್ಕೂ ಮುಂಚೆಯೇ ಮುಗಿಸಿದ್ದೆ. ಎರಡು ಜೋಳದ ರೊಟ್ಟಿ, ಬ್ಯಾಳಿ ಪಲ್ಯ, ಮಜ್ಜಿಗೆ. ಸೊಳ್ಳೆಪರದೆ ಕಟ್ಟಿ 9:30ಕ್ಕೆ ಮಲಗಿದವನಿಗೆ ಆಮೇಲಿನದು ಏನೂ ಗೊತ್ತಿಲ್ಲ. ಕಣ್ಣಿಗೆ ತೆಳು ಟವೆಲ್ ಹಾಕಿಕೊಂಡಿದ್ದೆ. ಇಲ್ಲದಿದ್ದರೆ ಮೇ ತಿಂಗಳ ಬೆಳಕು 5:30ಕ್ಕೇ ಎಬ್ಬಿಸುತ್ತದೆ. 6ಕ್ಕೆ ಎದ್ದೆ. 8 ತಾಸು ಮೂವತ್ತು ನಿಮಿಷ.

ಶನಿವಾರ ಎದ್ದಾಗ ಹುರುಪು ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಮೈ ಇನ್ನೂ ನುಗ್ಗಾಗಿತ್ತು. ಇನ್ನೊಂದು ತಾಸು ಮಲಗೋಣ ಅನಿಸುವುದು ಆಗಲೇ. ಪ್ಲ್ಯಾನು ಕೆಡುವುದೂ ಅಲ್ಲೇ. ಟವೆಲ್ ತೆಗೆದು ಅರ್ಧ ತಾಸು ಮಾಳಿಗೆಯ ಬೆಳಕಲ್ಲೇ ಓಡಾಡಿದೆ. 8ರಿಂದ 12ರವರೆಗೆ ಕಷ್ಟದ ಲೆಕ್ಕಗಳು, ಪ್ರೊಸೆಸ್ ಕಾಸ್ಟಿಂಗ್ ಮತ್ತು ಓವರ್‌ಹೆಡ್ ಹಂಚಿಕೆ. ಒಂದೇ ಸಾಲನ್ನು ಎರಡೆರಡು ಸಲ ಓದುತ್ತಿದ್ದೇನೆ ಅನಿಸಿದಾಗ ಪುಸ್ತಕ ಮುಚ್ಚಿ ಹತ್ತು ನಿಮಿಷ ಎದ್ದು ನಿಂತೆ. ಆ ದಿನ ಮಾತ್ರ ಮಧ್ಯಾಹ್ನ 1ರಿಂದ 2:30ರವರೆಗೆ ಕೆಳಗಿನ ಮನೆಯ ಪಡಸಾಲೆಯ ಫರ್ಸಿ ಮೇಲೆ ಪೂರ್ತಿ ಒಂದೂವರೆ ತಾಸು ಮಲಗಿದೆ. ಮನೆ ಮಾಲಕರ ಅಮ್ಮ ಜಾಗ ಬಿಟ್ಟುಕೊಟ್ಟರು. ಶಹಾಬಾದಿನ ಕಲ್ಲು ಬೇಸಿಗೆಯಲ್ಲೂ ತಂಪು. ಈ ದೊಡ್ಡ ನಿದ್ದೆಯನ್ನು ಶನಿವಾರಕ್ಕೇ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಅದರಿಂದ ರಾತ್ರಿಯ ನಿದ್ದೆ ಸ್ವಲ್ಪ ತಡವಾದರೂ ಸರಿಪಡಿಸಿಕೊಳ್ಳಲು ಇನ್ನೊಂದು ರಾತ್ರಿ ಇತ್ತು. ಭಾನುವಾರ ಆ ಧೈರ್ಯ ಮಾಡಬಾರದು.

ಬಾಕಿ ಎಷ್ಟು ಉಳಿದಿದೆ ಅಂತ ತಿಳಿಯಲು ಒಂದು ಸುಲಭ ಗುರುತು ಇಟ್ಟುಕೊಂಡಿದ್ದೆ. ಮಧ್ಯಾಹ್ನ ಮಲಗಿದಾಗ ನಿದ್ದೆ ಹತ್ತಲು ಎಷ್ಟು ಹೊತ್ತು ಬೇಕಾಯಿತು? 5 ನಿಮಿಷದೊಳಗೆ ಮುಳುಗಿದರೆ ಬಾಕಿ ಜಾಸ್ತಿ ಇದೆ. ಕಾಲು ತಾಸು ಬೇಕಾದರೆ ಬಹಳಷ್ಟು ತೀರಿದೆ. ಶುಕ್ರವಾರ ತಲೆ ಇಟ್ಟದ್ದೇ ನೆನಪಿಲ್ಲ. ಶನಿವಾರ ಮಸೀದಿಯ ಆಜಾನ್ ಶುರುವಾದದ್ದು ಕೇಳಿಸಿತು, ಮುಗಿದದ್ದು ಕೇಳಿಸಲಿಲ್ಲ. ಭಾನುವಾರ 20 ನಿಮಿಷಕ್ಕೆ ಅಂತ ಮಲಗಿದರೆ ಹತ್ತು ಹನ್ನೆರಡು ನಿಮಿಷ ಬರೀ ಜಂತಿ ನೋಡುತ್ತಾ ಬಿದ್ದಿದ್ದೆ. ಆಗ ಸಮಾಧಾನ ಆಯಿತು.

ಶನಿವಾರ ರಾತ್ರಿ 9:45ಕ್ಕೆ ಮಲಗಿದೆ, 6ಕ್ಕೆ ಎದ್ದೆ. ಭಾನುವಾರ ರಾತ್ರಿ 10:15ಕ್ಕೆ ಮಲಗಿದರೆ ನಿದ್ದೆ ಬರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಅಲ್ವಾ, ಎದೆ ಡವಡವ. ಇಪ್ಪತ್ತು ನಿಮಿಷ ನೋಡಿ ಎದ್ದೆ. ಫೋನ್ ಮುಟ್ಟಲಿಲ್ಲ, ಗಂಟೆ ನೋಡಲಿಲ್ಲ. ಮಾಳಿಗೆಯ ಗೋಡೆಗೆ ಒರಗಿ ಕತ್ತಲಲ್ಲೇ ಕೂತೆ. ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋದೆ. ಅಂದಾಜು 10:45ಕ್ಕೆ ನಿದ್ದೆ ಹತ್ತಿರಬೇಕು. ಅಣ್ಣ ಶೀತದ ಮಾತ್ರೆ ಒಂದು ತಗೋ, ನಿದ್ದೆ ಬರುತ್ತೆ ಅಂದಿದ್ದ. ಬೇಡ ಅಂದೆ. ನಿದ್ದೆ ಬರಿಸುವ ಶೀತದ ಮಾತ್ರೆಯ ಮಂಪರು ಎಷ್ಟೋ ಸಲ ಮರುದಿನ ಬೆಳಿಗ್ಗೆಯೂ ಇರುತ್ತದೆ. ಪರೀಕ್ಷೆಯ ದಿನ ಅದನ್ನು ಮೊದಲ ಸಲ ನುಂಗಿ ನೋಡುವುದು ಸರಿಯಲ್ಲ.

ಒಟ್ಟು ಲೆಕ್ಕ ಹಾಕಿದರೆ ಮೂರು ದಿನದಲ್ಲಿ ನಾನು ಹೆಚ್ಚಿಗೆ ಮಲಗಿದ್ದು ಸುಮಾರು ಐದು ತಾಸು. ಬಾಕಿ ಇದ್ದದ್ದು ಹತ್ತು. ಆದರೂ ಕೆಲಸ ನಡೆಯಿತು. ನಿದ್ದೆಗೆಟ್ಟ ಮೇಲೆ ಮಲಗಿದರೆ ಮೈ ಮೊದಲು ಆಳದ ನಿದ್ದೆಯನ್ನೇ ಜಾಸ್ತಿ ತೆಗೆದುಕೊಳ್ಳುತ್ತದೆ, ತಾಸಿಗೆ ತಾಸು ವಾಪಸ್ ಕೊಡಬೇಕಿಲ್ಲ. ಹಾಗಂತ ಪೂರ್ತಿ ಸರಿಯಾಗಿದ್ದೆ ಅನ್ನಲಾರೆ. ಪರೀಕ್ಷೆಯ ಮೂರನೇ ತಾಸಿನಲ್ಲಿ ಗಮನ ಜಾರುವುದು ತಿಳಿಯುತ್ತಿತ್ತು. ಅದನ್ನು ಮೊದಲೇ ಊಹಿಸಿ ದೊಡ್ಡ ಲೆಕ್ಕಗಳನ್ನು ಮುಂಚೆ ಮಾಡಿದ್ದೆ, ಥಿಯರಿ ಕೊನೆಗೆ ಇಟ್ಟಿದ್ದೆ. ಪ್ರಶ್ನೆಯಿಂದ ಬರೆದುಕೊಂಡ ಪ್ರತಿ ಅಂಕಿಯ ಮೇಲೂ ಬೆರಳಿಟ್ಟು ಇನ್ನೊಮ್ಮೆ ಓದಿದೆ.

1 ಗಂಟೆಗೆ ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. "ಈಗರೇ ಮಲ್ಕೊತಿ ಇಲ್ಲೋ?" ಅಂದಳು. ಇಪ್ಪತ್ತು ನಿಮಿಷ ಅಂದೆ. ಮುಂದಿನ ಪೇಪರು ಬುಧವಾರ ಇತ್ತು, ಅಲಾರಾಂ 6ಕ್ಕೇ ಉಳಿಯಿತು.