ಮನೆ ಬದಲಿಸುವಾಗ ಪಾಲಿಸಿ ಬಾಂಡ್ ಕಳೆದಿದೆಯೇ? ನಕಲು ಪ್ರತಿಗೆ ಅರ್ಜಿ ಬರೆಯುವುದು ಹೀಗೆ

ಲಾರಿಯಿಂದ ಸಾಮಾನು ಇಳಿಸಿ, ಬೀರು ಜೋಡಿಸಿ, ಒಂದೆರಡು ತಿಂಗಳಾದ ಮೇಲೆ ಪ್ರೀಮಿಯಂ ಕಟ್ಟುವ ಹೊತ್ತಿಗೆ ಎಲ್‌ಐಸಿ ಬಾಂಡ್ ಕಾಣುತ್ತಿಲ್ಲ ಎಂದು ಗೊತ್ತಾಗುತ್ತದೆ. ಆಮೇಲೆ ಹೆಚ್ಚಿನವರು ಒಂದು ಬಿಳಿ ಹಾಳೆಯಲ್ಲಿ ‘ನನ್ನ ಬಾಂಡ್ ಎಲ್ಲೋ ಕಳೆದುಹೋಗಿದೆ, ದಯವಿಟ್ಟು ಬೇರೆ ಕೊಡಿ’ ಎಂದು ಎರಡು ಸಾಲು ಗೀಚಿ ಶಾಖೆಗೆ ಕೊಟ್ಟು ಬರುತ್ತಾರೆ. ಆ ಅರ್ಜಿ ಪ್ರಶ್ನೆ ಹೊತ್ತು ಹಿಂದಕ್ಕೆ ಬರುತ್ತದೆ, ಇಲ್ಲವೇ ಕಡತದಲ್ಲೇ ಕೂರುತ್ತದೆ. ಶಾಖೆಯವರು ಪತ್ರದಲ್ಲಿ ನೋಡುವುದು ನಾಲ್ಕೈದು ಸಂಗತಿಗಳನ್ನು ಮಾತ್ರ. ಅವು ಮೊದಲ ಸಲವೇ ಸ್ಪಷ್ಟವಾಗಿದ್ದರೆ ಎರಡನೇ ಓಡಾಟ ಉಳಿಯುತ್ತದೆ.

ಬರೆಯುವ ಮುನ್ನ: ಬಾಂಡ್ ನಿಜಕ್ಕೂ ಕಳೆದಿದೆಯೇ?

ಪಾಲಿಸಿಯ ಮೇಲೆ ಸಾಲ ತೆಗೆದಿದ್ದರೆ ಮೂಲ ಬಾಂಡ್ ಎಲ್‌ಐಸಿ ಬಳಿಯೇ ಇರುತ್ತದೆ. ಮನೆ ಸಾಲಕ್ಕೋ ತೋಟದ ಸಾಲಕ್ಕೋ ಬ್ಯಾಂಕಿಗೆ ಪಾಲಿಸಿ ಬರೆದುಕೊಟ್ಟಿದ್ದರೆ ಅದು ಬ್ಯಾಂಕಿನ ಕಡತದಲ್ಲಿರುತ್ತದೆ. ಹತ್ತು ವರ್ಷದ ಹಿಂದೆ ತಂದೆಯವರು ಕಾಫಿ ತೋಟಕ್ಕೆ ಸಾಲ ಮಾಡಿದಾಗ ಕೊಟ್ಟ ಬಾಂಡನ್ನು ಮನೆಯವರೆಲ್ಲ ಮರೆತುಬಿಡುವುದುಂಟು. ಹೀಗೆ ಪಾಲಿಸಿ ಬೇರೆಯವರ ಹೆಸರಿಗೆ ವರ್ಗವಾಗಿದ್ದರೆ ನಕಲು ಪ್ರತಿ ಕೇಳುವ ಹಕ್ಕು ವರ್ಗ ಪಡೆದವರದು, ನಿಮ್ಮದಲ್ಲ. ಆದ್ದರಿಂದ ಶಾಖೆಯ ಕೌಂಟರಿನಲ್ಲಿ ಪಾಲಿಸಿಯ ಸ್ಥಿತಿ ವರದಿ ಕೇಳಿ, ಸಾಲ ಅಥವಾ ವರ್ಗಾವಣೆ ದಾಖಲಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಬಾಂಡ್ ಮಳೆಯಲ್ಲಿ ನೆನೆದು ಹಾಳಾಗಿದ್ದರೆ ‘ಕಳೆದಿದೆ’ ಎಂದು ಬರೆಯಬೇಡಿ. ಮಲೆನಾಡಿನ ಜೂನ್ ತಿಂಗಳಲ್ಲಿ ಟಾರ್ಪಾಲು ಸರಿದು ಪೆಟ್ಟಿಗೆಯೊಳಗೆ ನೀರು ಹೋಗುವುದು ಸಾಮಾನ್ಯ. ಪಾಲಿಸಿ ಸಂಖ್ಯೆ ಕಾಣುವ ಅರ್ಧ ಹಾಳೆ ಉಳಿದಿದ್ದರೂ ಅದು ದೊಡ್ಡ ಆಧಾರ. ಉಳಿದ ಭಾಗವನ್ನು ಅರ್ಜಿಯ ಜೊತೆ ಶಾಖೆಗೆ ಒಪ್ಪಿಸಬೇಕು. ಅದನ್ನು ಒಲೆಯ ಬಳಿ ಹಿಡಿದು ಒಣಗಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಪತ್ರಿಕೆ ಬದಲಿಸುತ್ತಾ ಒಣಗಿಸಿದರೆ ಅಕ್ಷರ ಉಳಿಯುತ್ತದೆ.

ಪಾಲಿಸಿಯ ಅವಧಿ ಮುಗಿಯಲು ಕೆಲವೇ ತಿಂಗಳಿದ್ದರೆ ಇನ್ನೊಂದು ದಾರಿಯಿದೆ. ನಕಲು ಪ್ರತಿ ಕೇಳದೆ, ನಷ್ಟವಾದರೆ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ, ಅಂದರೆ ಇಂಡೆಮ್ನಿಟಿ ಬಾಂಡ್ ಕೊಟ್ಟು ಮೆಚ್ಯೂರಿಟಿ ಹಣವನ್ನೇ ಪಡೆಯಬಹುದೇ ಎಂದು ಕೇಳಿ. ಎರಡೂ ಕೆಲಸಕ್ಕೆ ಪ್ರತ್ಯೇಕವಾಗಿ ಅಲೆಯುವುದು ತಪ್ಪುತ್ತದೆ.

ಯಾವ ಶಾಖೆಗೆ, ಯಾವ ವಿಳಾಸದಿಂದ?

ಪ್ರೀಮಿಯಂ ಎಲ್ಲಿ ಬೇಕಾದರೂ ಕಟ್ಟಬಹುದು. ಆದರೆ ನಕಲು ಪ್ರತಿಯ ಅರ್ಜಿ ಪಾಲಿಸಿಯ ದಾಖಲೆ ಇರುವ ಶಾಖೆಗೇ ಹೋಗಬೇಕು. ಯಾವುದು ಆ ಶಾಖೆ ಎಂಬುದು ಹಳೆಯ ರಸೀದಿಯಲ್ಲಿ ಸಿಗುತ್ತದೆ. ಪಾಲಿಸಿ ಸಂಖ್ಯೆಯೂ ಅಲ್ಲೇ ಇದೆ, ಒಂಬತ್ತು ಅಂಕಿ. ರಸೀದಿಯೂ ಇಲ್ಲದಿದ್ದರೆ ಪ್ರೀಮಿಯಂ ಸಂದೇಶ ಬಂದ ಮೊಬೈಲ್ ನೋಡಿ.

ಮನೆ ಬದಲಿಸಿದವರು ಎಡವುವುದು ಮುಂದಿನ ವಿಷಯದಲ್ಲಿ. ಎಲ್‌ಐಸಿ ದಾಖಲೆಯಲ್ಲಿರುವುದು ಹಳೆಯ ಮನೆಯ ವಿಳಾಸ. ಅದನ್ನು ಬದಲಿಸದೆ ನಕಲು ಪ್ರತಿ ಕೇಳಿದರೆ, ಹೊಸ ಬಾಂಡ್ ಅಂಚೆಯಲ್ಲಿ ಹಳೆಯ ಮನೆಗೆ ಹೋಗುತ್ತದೆ. ಬಾಗಿಲು ಹಾಕಿದ್ದರೆ ವಾಪಸು, ಬೇರೆ ಬಾಡಿಗೆದಾರರಿದ್ದರೆ ಅವರ ಕೈಗೆ. ಹಾಗಾಗಿ ವಿಳಾಸ ಬದಲಾವಣೆಯ ಅರ್ಜಿ ಮೊದಲು. ಹೊಸ ವಿಳಾಸದ ಪುರಾವೆ ಲಗತ್ತಿಸಿ ಕೊಟ್ಟು, ದಾಖಲೆಯಲ್ಲಿ ಬದಲಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆ ನಕಲು ಪ್ರತಿಯ ಅರ್ಜಿ. ಎರಡನ್ನೂ ಒಂದೇ ಹಾಳೆಯಲ್ಲಿ ಸೇರಿಸಿದರೆ ಒಂದು ಕೆಲಸ ಆಗಿ ಇನ್ನೊಂದು ಉಳಿಯುವ ಅಪಾಯವಿದೆ. ಪಾಲಿಸಿಯನ್ನೇ ಹೊಸ ಊರಿನ ಶಾಖೆಗೆ ವರ್ಗಾಯಿಸುವ ಯೋಚನೆಯಿದ್ದರೆ ನಕಲು ಪ್ರತಿ ಕೈಗೆ ಬಂದ ಮೇಲೆ ಮಾಡಿ. ನಡುವೆ ಮಾಡಿದರೆ ಕಡತ ಎರಡು ಶಾಖೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ.

ಕಳೆದ ಬಗೆಯನ್ನು ಬರೆಯುವ ಪ್ಯಾರಾ

ಇಡೀ ಪತ್ರದ ಜೀವ ಈ ಪ್ಯಾರಾ. ನಕಲು ಪ್ರತಿ ಕೊಡುವುದೆಂದರೆ ಅಸಲಿನಷ್ಟೇ ಬೆಲೆಯ ಇನ್ನೊಂದು ದಾಖಲೆ ಕೊಟ್ಟಂತೆ. ಅಸಲು ಬೇರೆಯವರ ಬಳಿ ಅಡವಿದ್ದು, ನಾಳೆ ಅವರೂ ಬಂದು ಹಣ ಕೇಳಿದರೆ ಏನು ಗತಿ ಎಂಬುದೇ ಶಾಖೆಯವರ ಚಿಂತೆ. ಆ ಚಿಂತೆಗೆ ಉತ್ತರ ಕೊಡುವಂತೆ ಐದು ವಿಷಯ ಬರೆಯಿರಿ: ಬಾಂಡನ್ನು ಎಲ್ಲಿ ಇಟ್ಟಿದ್ದಿರಿ, ಎಂದು ಎಲ್ಲಿಂದ ಎಲ್ಲಿಗೆ ಮನೆ ಬದಲಿಸಿದಿರಿ, ಇಲ್ಲವೆಂದು ಯಾವಾಗ ಗೊತ್ತಾಯಿತು, ಎಲ್ಲೆಲ್ಲಿ ಹುಡುಕಿದಿರಿ, ಯಾರಿಗೂ ಅಡವು ಇಟ್ಟಿಲ್ಲ ಎಂಬ ಮಾತು.

‘ಬಹುಶಃ’, ‘ಎಲ್ಲೋ’, ‘ಯಾರೋ ತೆಗೆದಿರಬಹುದು’ ಬೇಡ. ‘ಕಳುವಾಗಿದೆ’ ಎಂಬ ಪದವಂತೂ ತೀರಾ ಎಚ್ಚರದಿಂದ ಬಳಸಬೇಕಾದದ್ದು. ಕಳುವು ಎಂದರೆ ಕಳ್ಳತನ, ಅದಕ್ಕೆ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ಸಾಗಣೆಯಲ್ಲಿ ತಪ್ಪಿಹೋಗಿದ್ದರೆ ‘ಕಳೆದುಹೋಗಿದೆ’ ಎಂದೇ ಬರೆಯಿರಿ. ದಿನಾಂಕ ನೆನಪಿಲ್ಲದಿದ್ದರೆ ಲಾರಿ ಬಾಡಿಗೆ ಚೀಟಿ ಅಥವಾ ಹೊಸ ಮನೆಯ ಬಾಡಿಗೆ ಕರಾರು ನೋಡಿ, ಊಹೆಯ ದಿನಾಂಕ ಹಾಕಬೇಡಿ. ಮುಂದೆ ತುಂಬುವ ಪ್ರಶ್ನಾವಳಿಯಲ್ಲಿ ಇದೇ ದಿನಾಂಕ ಬರಬೇಕು. ಎರಡು ಕಡೆ ಎರಡು ದಿನಾಂಕ ಇದ್ದರೆ ಅನುಮಾನ ಹುಟ್ಟುವುದು ಅಲ್ಲೇ.

ಚಿಕ್ಕಮಗಳೂರಿನಿಂದ ಹಾಸನಕ್ಕೆ ಬಂದವರೊಬ್ಬರ ಪತ್ರ ಹೀಗಿರಬಹುದು:

> ಇಂದ: (ಪಾಲಿಸಿಯಲ್ಲಿರುವಂತೆಯೇ ಹೆಸರು, ಹೊಸ ವಿಳಾಸ, ಮೊಬೈಲ್ ಸಂಖ್ಯೆ)
>
> ಗೆ: ಶಾಖಾ ವ್ಯವಸ್ಥಾಪಕರು, ಭಾರತೀಯ ಜೀವ ವಿಮಾ ನಿಗಮ, ಚಿಕ್ಕಮಗಳೂರು ಶಾಖೆ
>
> ಮಾನ್ಯರೇ,
>
> ವಿಷಯ: ಪಾಲಿಸಿ ಸಂಖ್ಯೆ ………… ಇದರ ಮೂಲ ಬಾಂಡ್ ಕಳೆದುಹೋಗಿರುವುದರಿಂದ ನಕಲು ಪ್ರತಿ ನೀಡುವ ಬಗ್ಗೆ.
>
> ಮೇಲಿನ ಪಾಲಿಸಿ ನನ್ನ ಹೆಸರಿನಲ್ಲಿದ್ದು, ವಿಮಾ ಮೊತ್ತ ರೂ. 2,00,000. ಪ್ರೀಮಿಯಂ ಇಂದಿನವರೆಗೆ ಪಾವತಿಯಾಗಿದೆ.
>
> ಇದರ ಮೂಲ ಬಾಂಡನ್ನು ಚಿಕ್ಕಮಗಳೂರಿನ ಕಲ್ಯಾಣನಗರದ ನನ್ನ ಮನೆಯ ಬೀರುವಿನಲ್ಲಿ, ನೀಲಿ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದೆ. ದಿನಾಂಕ 11-05-2025ರಂದು ಹಾಸನದ ವಿದ್ಯಾನಗರಕ್ಕೆ ಮನೆ ಬದಲಾಯಿಸಿ, ಸಾಮಾನುಗಳನ್ನು ಲಾರಿಯಲ್ಲಿ ಬೇಲೂರು ಮಾರ್ಗವಾಗಿ ಸಾಗಿಸಿದೆ. ದಿನಾಂಕ 02-07-2025ರಂದು ನೋಡಿದಾಗ ಆ ಫೈಲು ಇರಲಿಲ್ಲ. ಎರಡೂ ಮನೆಗಳಲ್ಲಿ ಹುಡುಕಿದ್ದೇನೆ, ಲಾರಿಯವರಲ್ಲಿ ವಿಚಾರಿಸಿದ್ದೇನೆ. ಬಾಂಡ್ ದೊರೆತಿಲ್ಲ.
>
> ಸದರಿ ಪಾಲಿಸಿಯನ್ನು ಯಾವುದೇ ವ್ಯಕ್ತಿಗೆ, ಬ್ಯಾಂಕಿಗೆ ಅಥವಾ ಸಂಸ್ಥೆಗೆ ಅಡವು ಇಟ್ಟಿಲ್ಲ, ವರ್ಗಾಯಿಸಿಲ್ಲ. ಇದರ ಮೇಲೆ ಸಾಲ ಪಡೆದಿಲ್ಲ. ಮುಂದೆ ಮೂಲ ಬಾಂಡ್ ದೊರೆತಲ್ಲಿ ತಮ್ಮ ಶಾಖೆಗೆ ಒಪ್ಪಿಸುತ್ತೇನೆ.
>
> ಆದ್ದರಿಂದ ನಕಲು ಪ್ರತಿ ನೀಡಬೇಕಾಗಿ ಕೋರುತ್ತೇನೆ. ನಿಗದಿತ ಶುಲ್ಕ ಕಟ್ಟಲು ಹಾಗೂ ಇಂಡೆಮ್ನಿಟಿ ಬಾಂಡ್ ಬರೆದುಕೊಡಲು ಸಿದ್ಧನಿದ್ದೇನೆ.
>
> ಲಗತ್ತು: ಆಧಾರ್ ಮತ್ತು ಪ್ಯಾನ್ ಝೆರಾಕ್ಸ್, ಕೊನೆಯ ಪ್ರೀಮಿಯಂ ರಸೀದಿ, ವಿಳಾಸ ಬದಲಾವಣೆ ಅರ್ಜಿಯ ಸ್ವೀಕೃತಿ ಪ್ರತಿ.
>
> ತಮ್ಮ ವಿಶ್ವಾಸಿ,
> (ಸಹಿ, ದಿನಾಂಕ)

ನೀಲಿ ಫೈಲು, ಬೀರು ಎಂಬ ವಿವರಗಳು ಅತಿಯಾಯಿತು ಅನಿಸಬಹುದು. ಬಿಡಬೇಡಿ. ಓದುವ ಅಧಿಕಾರಿಗೆ ಕಳೆದದ್ದು ನಿಜ ಎನಿಸುವುದು ಇಂಥ ವಿವರದಿಂದಲೇ. ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಅಚ್ಚು ಹಾಕಿದ ಅರ್ಜಿಗಳಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಅವನ್ನು ಕೊಳ್ಳಬೇಡಿ, ಕೈಬರಹವೇ ಸಾಕು.

ಸಹಿ

ಪಾಲಿಸಿ ಮಾಡಿಸಿದಾಗ ಹಾಕಿದ ಸಹಿಯನ್ನೇ ಹಾಕಿ. ಇಪ್ಪತ್ತೈದು ವರ್ಷದ ಹಿಂದೆ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದವರು ಈಗ ಇಂಗ್ಲಿಷಿನಲ್ಲಿ ಒಂದು ಗೆರೆ ಎಳೆಯುತ್ತಾರೆ, ತಾಳೆ ಬೀಳುವುದಿಲ್ಲ. ಸಹಿ ಬದಲಾಗಿದ್ದರೆ ಹಳೆಯದನ್ನೂ ಹೊಸದನ್ನೂ ಒಂದರ ಕೆಳಗೊಂದು ಹಾಕಿ, ಹೊಸ ಸಹಿಗೆ ನಿಮ್ಮ ಬ್ಯಾಂಕಿನಿಂದ ದೃಢೀಕರಣ ಪಡೆದು ಲಗತ್ತಿಸಿ. ಮದುವೆಯ ನಂತರ ಹೆಸರು ಬದಲಿಸಿದ ಹೆಣ್ಣುಮಕ್ಕಳು ಪತ್ರದಲ್ಲಿ ಪಾಲಿಸಿಯ ಹೆಸರನ್ನೇ ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ತಿಳಿಸಿ, ಆಧಾರವಾಗಿ ಮದುವೆ ಪ್ರಮಾಣಪತ್ರ ಕೊಡುವುದು ಒಳ್ಳೆಯದು.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಏಜೆಂಟರ ಕೈಯಲ್ಲಿ ಕಳಿಸುವುದಾದರೆ ಖಾಲಿ ಹಾಳೆಗೆ, ತುಂಬದ ಫಾರಂಗೆ ಸಹಿ ಮಾಡಿ ಕೊಡಲೇಬೇಡಿ.

ನಂತರ ಶಾಖೆಯವರು ಪ್ರಶ್ನಾವಳಿ ಮತ್ತು ಇಂಡೆಮ್ನಿಟಿ ಬಾಂಡಿನ ನಮೂನೆ ಕೊಡುತ್ತಾರೆ. ಇಂಡೆಮ್ನಿಟಿ ಬಾಂಡ್ ಎಂದರೆ, ಅಸಲು ಬಾಂಡ್ ಹಿಡಿದು ಬೇರೆಯವರು ಬಂದು ನಿಗಮಕ್ಕೆ ನಷ್ಟವಾದರೆ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ. ಎಷ್ಟು ರೂಪಾಯಿಯ ಛಾಪಾ ಕಾಗದ, ಜಾಮೀನುದಾರರು ಬೇಕೋ ಬೇಡವೋ ಎಂದು ಕೇಳಿಕೊಂಡೇ ಕಾಗದ ತೆಗೆದುಕೊಳ್ಳಿ. ಇ-ಸ್ಟ್ಯಾಂಪ್ ಕಾಗದ ಕೊಳ್ಳುವಾಗ ಮೊದಲನೇ ಪಕ್ಷದಾರರಾಗಿ ನಿಮ್ಮ ಹೆಸರು, ಎರಡನೇ ಪಕ್ಷದಾರರಾಗಿ ಭಾರತೀಯ ಜೀವ ವಿಮಾ ನಿಗಮ ಎಂದು ಹಾಕಿಸಿ. ಹೆಸರಿನ ಅಕ್ಷರ ಪಾಲಿಸಿಯಲ್ಲಿರುವಂತೆಯೇ ಇರಲಿ. ಅಚ್ಚಾದ ಮೇಲೆ ತಿದ್ದಲಾಗದು, ಹೊಸ ಕಾಗದಕ್ಕೆ ಮತ್ತೆ ಹಣ. ಕೋರ್ಟಿನ ಬಳಿಯ ಟೈಪಿಸ್ಟರಲ್ಲಿ ಸಿದ್ಧವಾಗಿರುವ ಒಕ್ಕಣೆ ಬೇಡ, ಶಾಖೆಯ ನಮೂನೆಯನ್ನೇ ಅಕ್ಷರಶಃ ಟೈಪು ಮಾಡಿಸಿ.

ಪತ್ರಿಕೆಯಲ್ಲಿ ಜಾಹೀರಾತು ಹಾಕಬೇಕೆಂದು ಮೊದಲೇ ಓಡಬೇಡಿ, ಅದು ಸಣ್ಣ ಖರ್ಚಲ್ಲ. ಶಾಖೆ ಕೇಳಿದರೆ ಮಾತ್ರ, ಅವರು ಹೇಳುವ ಪತ್ರಿಕೆಯಲ್ಲಿ, ಅವರ ಒಕ್ಕಣೆಯಂತೆ. ಆಗ ಪ್ರಕಟವಾದ ಮೇಲೆ ಆಕ್ಷೇಪಣೆಗೆಂದು ಒಂದು ತಿಂಗಳು ಕಾಯಬೇಕಾಗುತ್ತದೆ.

ಶುಲ್ಕದಲ್ಲಿ ಎರಡು ಭಾಗ: ಬಾಂಡ್ ತಯಾರಿಕೆಯ ವೆಚ್ಚ ಮತ್ತು ಪಾಲಿಸಿಯ ಸ್ಟ್ಯಾಂಪು. ಸ್ಟ್ಯಾಂಪು ವಿಮಾ ಮೊತ್ತದ ಸಾವಿರಕ್ಕೆ 20 ಪೈಸೆ ಲೆಕ್ಕ, ಅಂದರೆ ಎರಡು ಲಕ್ಷದ ಪಾಲಿಸಿಗೆ 40 ರೂಪಾಯಿ. ತಯಾರಿಕೆಯ ವೆಚ್ಚವನ್ನು ಕೌಂಟರಿನಲ್ಲಿ ಕೇಳಿ ಕಟ್ಟಿ, ರಸೀದಿ ಪಡೆಯಿರಿ. ಈ ನಡುವೆ ಪ್ರೀಮಿಯಂ ದಿನಾಂಕ ಬಂದರೆ ತಪ್ಪದೆ ಕಟ್ಟಿ. ಬಾಂಡ್ ಕೈಯಲ್ಲಿಲ್ಲವೆಂದು ಪಾಲಿಸಿ ನಿಲ್ಲುವುದಿಲ್ಲ, ಪ್ರೀಮಿಯಂ ಬಿಟ್ಟರೆ ನಿಲ್ಲುತ್ತದೆ.

ನಕಲು ಪ್ರತಿ ಬಂದ ದಿನವೇ ಹೆಸರು, ಜನ್ಮ ದಿನಾಂಕ, ವಿಮಾ ಮೊತ್ತ, ಮುಗಿಯುವ ದಿನಾಂಕ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ನಾಮಿನಿಯ ಹೆಸರು. ಮೊದಲು ತಾಯಿಯ ಹೆಸರಿದ್ದು, ಮದುವೆಯ ನಂತರ ಹೆಂಡತಿಯ ಹೆಸರಿಗೆ ಬದಲಿಸಿ ಹಳೆಯ ಬಾಂಡಿನ ಹಿಂಬದಿಯಲ್ಲಿ ಷರಾ ಬರೆಸಿದ್ದರೆ, ಆ ಬದಲಾವಣೆ ಹೊಸ ಪ್ರತಿಯಲ್ಲೂ ಇರಬೇಕು. ಇಲ್ಲದಿದ್ದರೆ ಆ ವಾರವೇ ಅದೇ ಶಾಖೆಗೆ ಹೋಗಿ ಸೇರಿಸಿಸಿ.