ಹಾಬ್ ಮುಂದಿನ ಮೂರು ಇಂಚು: ಒಂದು ಗ್ರಾನೈಟ್ ಕಟ್ಟೆ ಕೂರಿಸಿದ ಅನುಭವ

ಅಡುಗೆಮನೆಯ ಗ್ರಾನೈಟ್ ಕಟ್ಟೆ ಸೀಳುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕಟ್ಟೆಯೊಳಗೇ ಕೂರುವ ಒಲೆ, ಅಂದರೆ ಹಾಬ್‌ಗೆ ಕೊರೆದ ಬಾಯಿಯ ಮುಂದೆ ಒಂದು ಸಣ್ಣ ಪಟ್ಟಿ ಉಳಿಯುತ್ತಲ್ಲ, ಅಲ್ಲಿ. ಅದೂ ಬಾಯಿಯ ಮೂಲೆಯಿಂದಲೇ ಶುರುವಾಗುತ್ತದೆ. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗ ನಾನು ಮೊದಲು ಕೇಳುವುದು ಕಲ್ಲಿನ ಬಣ್ಣ ಅಲ್ಲ, ಹಾಬ್ ಮತ್ತು ಸಿಂಕ್ ಮನೆಗೆ ಬಂದಿದೆಯಾ ಅಂತ. ಫೋನಿನಲ್ಲಿ ಕಳಿಸಿದ ಅಳತೆ ನಂಬಿಕೊಂಡು ನಾನು ಕಲ್ಲಿಗೆ ಬ್ಲೇಡ್ ಇಡುವುದಿಲ್ಲ.

ಚಿಕ್ಕಮಗಳೂರಲ್ಲಿ ಒಂದು ಮನೆ. ಶ್ರಾವಣದಲ್ಲಿ ಗೃಹಪ್ರವೇಶ, ಅಂದರೆ ನಮ್ಮ ಕೆಲಸ ಪುನರ್ವಸು ಮಳೆಯಲ್ಲಿ. ಎಲ್ ಆಕಾರದ ಕಟ್ಟೆ, ಒಂದು ಕಡೆ 10 ಅಡಿ, ಇನ್ನೊಂದು ಕಡೆ 6 ಅಡಿ. ಉದ್ದದ ಕಡೆ ನಡುವೆ ಹಾಬ್, ಕಿಟಕಿ ಕೆಳಗೆ ಸಿಂಕ್. ಕಲ್ಲು 20 ಎಂಎಂ ದಪ್ಪದ ಹಾಸನ್ ಗ್ರೀನ್. ಈ ದಪ್ಪಕ್ಕೆ ಚದರ ಅಡಿಗೆ ಹೆಚ್ಚುಕಮ್ಮಿ 5 ಕೆಜಿ ತೂಕ ಬರುತ್ತದೆ, ಉದ್ದದ ತುಂಡೊಂದೇ 100 ಕೆಜಿ ದಾಟುತ್ತದೆ.

ಹಾಬ್ ಜೊತೆ ಬಂದ ಚೀಟಿಯಲ್ಲಿ ಬಾಯಿಯ ಅಳತೆ 560 × 480 ಎಂಎಂ ಅಂತ ಇತ್ತು. ಬಹಳಷ್ಟು ಕಟ್ಟೆಗಳು 24 ಇಂಚು, ಅಂದರೆ ಸುಮಾರು 610 ಎಂಎಂ ಅಗಲ ಇರುತ್ತವೆ. ಅದರಲ್ಲಿ 480 ಹೋದರೆ ಮುಂದಕ್ಕೂ ಹಿಂದಕ್ಕೂ ಸೇರಿ 130 ಮಾತ್ರ ಉಳಿಯಿತು. ನನಗೆ ಅದು ಸಾಲದು. ಕಟ್ಟೆಯನ್ನು 25 ಇಂಚು ಮಾಡಿಸಿದೆ. ಮುಂದೆ 75, ಹಿಂದೆ 80 ಎಂಎಂ ಸಿಕ್ಕಿತು. ಒಂದಿಂಚಿಗೆ ಕಲ್ಲಿನ ಖರ್ಚು ಸ್ವಲ್ಪ ಜಾಸ್ತಿ ಆಗುತ್ತದೆ ನಿಜ, ಆದರೆ ಆ ಒಂದಿಂಚು ಇಲ್ಲದೆ ಮುಂದಿನ ಪಟ್ಟಿಯನ್ನು ಎರಡೂವರೆ ಇಂಚಿಗಿಂತ ಕಮ್ಮಿ ಮಾಡಿ ಅಂತ ಯಾರಾದರೂ ಹೇಳಿದರೆ ನಾನು ಕೆಲಸ ಬಿಡುತ್ತೇನೆ.

ಆಧಾರದ ವಿಷಯಕ್ಕೆ ಮನೆಯ ಅಮ್ಮನವರಿಗೂ ನನಗೂ ಸ್ವಲ್ಪ ಜಗ್ಗಾಟ ಆಯಿತು. ಬೇರೆ ಕಡೆಯೆಲ್ಲ ಎರಡೂವರೆ ಅಡಿಗೊಂದು ನಿಲುವು ಕಲ್ಲು, ಅದರ ಮೇಲೆ ಕಡಪ ಕಲ್ಲಿನ ಹಾಸು, ಅದರ ಮೇಲೆ ಗ್ರಾನೈಟ್. ಹಾಬ್ ಕೆಳಗೆ ಮಾತ್ರ ಕಡಪ ಬರುವಂತಿಲ್ಲ. ಹಾಬಿನ ಡಬ್ಬಕ್ಕೆ ಜಾಗ ಬೇಕು, ಗಾಳಿ ಆಡಬೇಕು. ಅಲ್ಲಿ ಬಾಯಿಯ ಎರಡೂ ಪಕ್ಕಕ್ಕೆ, ಎರಡೆರಡು ಇಂಚು ಬಿಟ್ಟು ನಿಲುವು ಕಲ್ಲು ಕೊಡೋಣ ಅಂದೆ.

"ಮೇಸ್ತ್ರಿ, ನನಗೆ ಒಲೆ ಕೆಳಗೇ ದೊಡ್ಡ ಡ್ರಾಯರ್ ಬೇಕು. ಮೂರು ಅಡಿ ಬಿಡಿ, ಪಾತ್ರೆ ಇಟ್ಟುಕೊಳ್ಳಬೇಕು."

ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಡುಗೆ ಮಾಡುವವರು ಅವರು. ಆದರೆ ಮೂರು ಅಡಿ ಉದ್ದಕ್ಕೆ ಬರೀ ಮೂರು ಇಂಚಿನ ಕಲ್ಲಿನ ಪಟ್ಟಿ ತೇಲುತ್ತಾ ನಿಲ್ಲಬಾರದು. ಗ್ರಾನೈಟ್ ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಯಾರಾದರೂ ಕಟ್ಟೆಗೆ ಕೈಯೂರಿ ಮೇಲಿನ ಅಟ್ಟಕ್ಕೆ ಹತ್ತಿದರೆ ಮುಗೀತು. ಅದಕ್ಕೆ ಮುಂದಿನ ಪಟ್ಟಿಯ ಕೆಳಗೆ ಒಂದಿಂಚಿನ ಸ್ಟೇನ್‌ಲೆಸ್ ಸ್ಟೀಲ್ ಚೌಕ ಪೈಪನ್ನು ಈ ನಿಲುವಿನಿಂದ ಆ ನಿಲುವಿಗೆ ಕೊಟ್ಟೆ, ಹಿಂದೆ ಗೋಡೆಗೆ ಆಂಗಲ್ ಹೊಡೆದೆ. ಪೈಪಿನ ಮೇಲ್ಮೈ ಕಡಪದ ಮಟ್ಟಕ್ಕೇ ಬರಬೇಕು, ರಸಮಟ್ಟ ಇಟ್ಟು ನೋಡಿಕೊಂಡೆ. ಮಾಮೂಲಿ ಕಬ್ಬಿಣ ಹಾಕಬೇಡಿ. ತುಕ್ಕು ಹಿಡಿದರೆ ಕಬ್ಬಿಣ ಉಬ್ಬುತ್ತದೆ, ಉಬ್ಬಿದರೆ ಕಲ್ಲನ್ನೇ ಎತ್ತುತ್ತದೆ.

ಗ್ರಾನೈಟನ್ನು ಕಡಪದ ಮೇಲೆ ಟೈಲ್ ಅಂಟಿನಲ್ಲಿ ಕೂರಿಸಿದೆ, ಹಲ್ಲು ಕರಣೆಯಿಂದ ಪೂರ್ತಿ ಹರಡಿ. ಅಲ್ಲೊಂದು ಇಲ್ಲೊಂದು ಮುದ್ದೆ ಇಟ್ಟು ಕೂರಿಸುವ ಅಭ್ಯಾಸ ನಮ್ಮವರಲ್ಲಿ ಇದೆ, ಮುದ್ದೆ ಇಲ್ಲದ ಕಡೆ ಕೆಳಗೆ ಪೊಳ್ಳು ಉಳಿಯುತ್ತದೆ. ಅಂಟು ಒಣಗಿದ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ, ಪೊಳ್ಳು ಇದ್ದ ಕಡೆ ಸದ್ದು ಬೇರೆಯೇ ಬರುತ್ತದೆ. ತಿಳಿ ಬಣ್ಣದ ಕಲ್ಲಾದರೆ ಬಿಳಿ ಅಂಟೇ ಬಳಸಿ, ಬೂದು ಅಂಟಿನ ಕಲೆ ಮೇಲಕ್ಕೆ ಕಾಣಬಹುದು.

ಈಗ ಕೊರೆಯುವುದು. ಸಿಂಕಿನ ಬಾಯಿಯನ್ನು ಮೊದಲೇ ಹೊರಗೆ ಶೆಡ್ಡಿನಲ್ಲಿ ಕೊರೆದು ಅಂಚಿಗೆ ಪಾಲಿಶ್ ಹೊಡೆದು ತಂದೆ. ಸಿಂಕು ಕಲ್ಲಿನ ಕೆಳಗೆ ಕೂರುವುದರಿಂದ ಅಂಚು ಕಣ್ಣಿಗೆ ಕಾಣುತ್ತದೆ. ಹಾಬಿನ ಬಾಯಿಯನ್ನು ಮಾತ್ರ ಕಲ್ಲು ಕೂತ ಮೇಲೆ ಕೊರೆದೆ. ಅದರ ಅಂಚು ಹಾಬಿನ ಗಾಜಿನ ಕೆಳಗೆ ಮುಚ್ಚಿಹೋಗುತ್ತದೆ, ಪಾಲಿಶ್ ಬೇಡ. ಎರಡು ಬಾಯಿ ಕೊರೆದ ಕಲ್ಲನ್ನು ಬಾಗಿಲಲ್ಲಿ ತಿರುಗಿಸಿ ತರುವಾಗಲೇ ಎಷ್ಟೋ ಕಲ್ಲು ಮುರಿಯುತ್ತವೆ, ಆ ತಲೆನೋವೂ ಇರಲ್ಲ.

ಮೊದಲು ನಾಲ್ಕು ಮೂಲೆಗೂ 20 ಎಂಎಂ ಕೋರ್ ಬಿಟ್‌ನಿಂದ ತೂತು, ಆಮೇಲೆ ತೂತಿನಿಂದ ತೂತಿಗೆ ಡೈಮಂಡ್ ಬ್ಲೇಡಲ್ಲಿ ಗೆರೆ. ಬ್ಲೇಡ್ ತೂತು ದಾಟಿ ಒಂದು ಎಂಎಂ ಕೂಡ ಮುಂದೆ ಹೋಗಬಾರದು. ಚೂಪಾದ ಮೂಲೆ, ದಾಟಿಹೋದ ಗೆರೆ, ಎರಡೂ ಸೀಳಿಗೆ ದಾರಿ ಮಾಡಿಕೊಡುತ್ತವೆ. ಗುಂಡಾದ ಮೂಲೆಯಲ್ಲಿ ಒತ್ತಡ ಹಂಚಿಹೋಗುತ್ತದೆ. ಕೊರೆದು ತೆಗೆಯುವ ತುಂಡಿಗೆ ಕೆಳಗಿನಿಂದ ಪ್ಲೈವುಡ್ ಕೊಟ್ಟು ಗೂಟ ನಿಲ್ಲಿಸಿದ್ದೆ. ಇಲ್ಲದಿದ್ದರೆ ಕೊನೆಯ ಇಂಚಿನಲ್ಲಿ ಆ ತುಂಡು ತೂಗಿ, ಬೀಳುವಾಗ ಮೂಲೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಹುಡುಗ ಬಾಟಲಿಯಿಂದ ನೀರು ಬಿಡುತ್ತಲೇ ಇರಬೇಕು, ಬ್ಲೇಡ್ ತಣ್ಣಗಿರುತ್ತದೆ, ಧೂಳು ಏಳಲ್ಲ. ಗ್ರಾನೈಟ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರಿದ್ದರೂ ಮಾಸ್ಕ್ ಹಾಕಿ. ನೀರು, ಕರೆಂಟು ಎರಡೂ ಇರುವ ಕೆಲಸ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಇಲ್ಲದ ಪಾಯಿಂಟಿಗೆ ಮಷೀನ್ ಹಾಕಬೇಡಿ.

ಸಿಂಕು 24 × 18 ಇಂಚು, 9 ಇಂಚು ಆಳ. ತುಂಬಿದರೆ 60 ಲೀಟರ್ ಮೇಲೆ ನೀರು, ಅಷ್ಟೇ ಕೆಜಿ ತೂಕ. ಇದನ್ನು ಬರೀ ಸಿಲಿಕೋನ್ ಹಚ್ಚಿ ಕಲ್ಲಿಗೆ ನೇತುಹಾಕುವುದು ನನಗೆ ಒಪ್ಪಿಗೆ ಇಲ್ಲ. ಕಡಪಕ್ಕೂ ಗ್ರಾನೈಟಿಗೂ ನಡುವೆ ಸಿಂಕಿನ ಅಂಚು ಸಿಕ್ಕಿಸುವುದು ಗಟ್ಟಿಯೇ, ಆದರೆ ನಾಳೆ ಸಿಂಕು ಬದಲಿಸಬೇಕಾದರೆ ಕಟ್ಟೆ ಕೀಳಬೇಕು. ನಾನು ಕೆಳಗೆ ಸ್ಟೇನ್‌ಲೆಸ್ ಆಂಗಲ್ ಫ್ರೇಮ್ ಕೊಟ್ಟು ಬೋಲ್ಟ್ ಮಾಡಿದೆ. ತೂಕ ಫ್ರೇಮಿನದು, ಸಿಲಿಕೋನ್ ನೀರು ತಡೆಯೋಕೆ ಮಾತ್ರ.

ಮಳೆಗಾಲದ ತೊಂದರೆ ಬಂದಿದ್ದು ಜಾಯಿಂಟಲ್ಲಿ. ಮೂಲೆಯಲ್ಲಿ ಎರಡು ಕಲ್ಲು ಸೇರುವ ಕಡೆ ಒಂದೂವರೆ ಎಂಎಂ ಸಂದು ಬಿಟ್ಟಿದ್ದೆ. ಸಂದಿಲ್ಲದೆ ಒತ್ತಿ ಇಟ್ಟರೆ ಎಪಾಕ್ಸಿ ಅಂಟು ಒಳಗೆ ಇಳಿಯುವುದೇ ಇಲ್ಲ. ಆದರೆ ನೀರಲ್ಲಿ ಕೊರೆದ ಕಲ್ಲು ಆ ಹವೆಯಲ್ಲಿ ಒಣಗಬೇಕಲ್ಲ? ಒದ್ದೆ ಕಲ್ಲಿಗೆ ಎಪಾಕ್ಸಿ ಹಿಡಿಯದು, ಗಾಢ ಹಸಿರು ಕಲ್ಲಲ್ಲಿ ತೇವ ಕಣ್ಣಿಗೂ ಕಾಣದು. ರಾತ್ರಿ ಸಂದಿನ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಹೊಡೆದೆ. ಬೆಳಿಗ್ಗೆ ಒಳಗೆ ಬೆವರು ಕಟ್ಟಿತ್ತು. ಬಿಸಿಗಾಳಿ ಗನ್ ದೂರದಿಂದ ಆಡಿಸಿ, ಫ್ಯಾನ್ ಹಾಕಿ, ಮತ್ತೆ ಹಾಳೆ ಇಟ್ಟು, ಅದು ಒಣಗಿ ಬಂದ ಮೇಲೆಯೇ ಬಣ್ಣ ಬೆರೆಸಿದ ಎಪಾಕ್ಸಿ ತುಂಬಿದೆ. ಎರಡೂ ಪಕ್ಕ ಟೇಪ್, ಸ್ವಲ್ಪ ಉಬ್ಬಾಗಿ ತುಂಬಿ, ಗಟ್ಟಿಯಾದ ಮೇಲೆ ಬ್ಲೇಡಿನಿಂದ ಹೆರೆದೆ.

ಗೋಡೆ ಸೇರುವ ಕಡೆ ಎಪಾಕ್ಸಿಯೂ ಬೇಡ, ಬಿಳಿ ಸಿಮೆಂಟೂ ಬೇಡ. ಗೋಡೆ ಬೇರೆ, ಕಲ್ಲು ಬೇರೆ, ಎರಡೂ ಒಂದೇ ಥರ ಅಲುಗಾಡಲ್ಲ. ಗಟ್ಟಿಯಾದದ್ದು ಬಿರಿಯುತ್ತದೆ, ನೀರು ಕ್ಯಾಬಿನೆಟ್ಟಿಗೆ ಇಳಿಯುತ್ತದೆ. 3 ಎಂಎಂ ಸಂದು ಬಿಟ್ಟು ನ್ಯೂಟ್ರಲ್ ಸಿಲಿಕೋನ್ ಹಾಕಿದೆ. ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಅದು ಬೇರೆ ಜಾತಿಯದು, ಕಲ್ಲಿಗೂ ಸಿಮೆಂಟಿಗೂ ಸರಿಹೋಗಲ್ಲ.

ಮನೆಯವರು ಸೀಲರ್ ಹೊಡೆಯಬೇಕಾ ಅಂತ ಕೇಳಿದರು. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಕಾಲು ಗಂಟೆ ಕಾದು ಒರೆಸಿದೆವು, ಕಪ್ಪು ಕಲೆ ಉಳಿಯಲಿಲ್ಲ. ಬೇಡ ಅಂದೆ, ಸುಮ್ನೆ ದುಡ್ಡು ಯಾಕೆ. ಹಾಬಿನ ಸುತ್ತ ಸಿಲಿಕೋನ್ ಹಚ್ಚಿಲ್ಲ, ಅದರ ಜೊತೆ ಬಂದ ಫೋಮ್ ಟೇಪೇ ಸಾಕು, ರಿಪೇರಿಗೆ ಎತ್ತುವಾಗ ಕಲ್ಲಿನ ಅಂಚು ಕಿತ್ತುಬರಲ್ಲ. ಸಿಂಕಿನ ಸಿಲಿಕೋನ್‌ಗೆ ಒಂದು ದಿನ ಪೂರ್ತಿ ಬಿಟ್ಟು, ಸಂಜೆ ಕಂಠಮಟ್ಟ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿಟ್ಟೆವು. ಬೆಳಿಗ್ಗೆ ಪೇಪರ್ ಒಣಗೇ ಇತ್ತು, ಮಧ್ಯಾಹ್ನ ಬಡಗಿಯವರಿಗೆ ಡ್ರಾಯರ್ ಕೂರಿಸೋಕೆ ಜಾಗ ಬಿಟ್ಟುಕೊಟ್ಟೆ.